ಭಾನುವಾರ ಸಂಜೆ ಊದುವ ಮಂಡಿ: ತೀವ್ರ ಹಿಮೋಫಿಲಿಯಾ ಇರುವ ಬಾಲಕನ ಪ್ರಕರಣ ಅಧ್ಯಯನ

ಒಂಬತ್ತು ವರ್ಷದ ಹುಡುಗ, ತೂಕ 25 ಕೆಜಿ. ತೀವ್ರ ಸ್ವರೂಪದ ಹಿಮೋಫಿಲಿಯಾ ಎ, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನಿನ ಮಟ್ಟ ರಕ್ತದಲ್ಲಿ 1%ಗಿಂತ ಕಡಿಮೆ. ಬಲ ಮಂಡಿಯಲ್ಲಿ ಮೊದಲ ರಕ್ತಸ್ರಾವ ಆಗಿದ್ದು ಮೂರನೇ ವಯಸ್ಸಿನಲ್ಲಿ. ಎಂಟೂವರೆ ವರ್ಷ ಆಗುವವರೆಗೂ ರಕ್ತ ಸೋರಿದಾಗ ಮಾತ್ರ ಫ್ಯಾಕ್ಟರ್ ಕೊಡುತ್ತಿದ್ದರು, ಅದೂ ಬಹುಪಾಲು ಮಾರನೇ ದಿನ. ಕಳೆದ ಆರು ತಿಂಗಳಿಂದ ಮುನ್ನೆಚ್ಚರಿಕೆಯಾಗಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ತಲಾ 500 ಯೂನಿಟ್ ಕೊಡುತ್ತಿದ್ದಾರೆ. ಆದರೂ ಈ ಆರು ತಿಂಗಳಲ್ಲಿ ಅದೇ ಮಂಡಿಯಲ್ಲಿ ನಾಲ್ಕು ಸಲ ರಕ್ತ ಸೋರಿದೆ. ಬಿದ್ದಿದ್ದಿಲ್ಲ, ಪೆಟ್ಟು ತಿಂದಿದ್ದಿಲ್ಲ. ಮನೆಯವರ ಪ್ರಶ್ನೆ ನೇರವಾಗಿದೆ: ಔಷಧಿ ತಪ್ಪದೆ ಕೊಡುತ್ತಿದ್ದೇವೆ, ಮತ್ತೆ ಮತ್ತೆ ಅದೇ ಮಂಡಿ ಏಕೆ?

(ಈ ಹುಡುಗ ಯಾವುದೇ ಒಬ್ಬ ನಿರ್ದಿಷ್ಟ ರೋಗಿಯಲ್ಲ. ಈ ಕಾಯಿಲೆಯಲ್ಲಿ ಪದೇ ಪದೇ ಕಾಣುವ ಸರಣಿಯನ್ನು ತೋರಿಸಲು ಕಟ್ಟಿದ ಪ್ರಕರಣ ಇದು.)

ಆರು ತಿಂಗಳ ಒಳಗೆ ಒಂದೇ ಕೀಲಿನಲ್ಲಿ ಮೂರು ಅಥವಾ ಹೆಚ್ಚು ಸಲ ತಾನಾಗಿಯೇ ರಕ್ತ ಸೋರಿದರೆ ಅದನ್ನು ಟಾರ್ಗೆಟ್ ಜಾಯಿಂಟ್ ಎನ್ನುತ್ತಾರೆ. ಈ ಮಂಡಿ ಆ ಗೆರೆ ದಾಟಿದೆ. ಹೀಗಾದಾಗ ಹುಡುಕಬೇಕಾದ ಕಾರಣಗಳು ಮುಖ್ಯವಾಗಿ ಮೂರು. ಕೊಟ್ಟ ಫ್ಯಾಕ್ಟರ್ ಕೆಲಸ ಮಾಡದಂತೆ ತಡೆಯುವ ಪ್ರತಿಕಾಯ, ಅಂದರೆ ಇನ್ಹಿಬಿಟರ್, ದೇಹದಲ್ಲಿ ಹುಟ್ಟಿರಬಹುದು. ಫ್ಯಾಕ್ಟರ್ ಕೆಲಸ ಮಾಡುತ್ತಿದ್ದರೂ ಎರಡು ಡೋಸ್‌ಗಳ ನಡುವೆ ಮಟ್ಟ ತಳ ಮುಟ್ಟುತ್ತಿರಬಹುದು. ಅಥವಾ ಹಳೆಯ ರಕ್ತಸ್ರಾವಗಳಿಂದ ಕೆರಳಿದ ಕೀಲೇ ಈಗ ಸುಲಭವಾಗಿ ಸೋರುವಂತಾಗಿರಬಹುದು. ಈ ಹುಡುಗನಲ್ಲಿ ಮೊದಲನೆಯದು ಇರಲಿಲ್ಲ. ಉಳಿದೆರಡೂ ಇದ್ದವು, ಒಂದಕ್ಕೊಂದು ಬಲ ಕೊಡುತ್ತಿದ್ದವು.

ಮುಟ್ಟಿ ನೋಡಿದಾಗ

ಬಲ ಮಂಡಿ ಕಣ್ಣಿಗೇ ದಪ್ಪ ಕಾಣುತ್ತದೆ. ಮುಟ್ಟಿದರೆ ಸ್ವಲ್ಪ ಬೆಚ್ಚಗಿದೆ, ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗೆ. ನೋವು ಅಷ್ಟಾಗಿ ಇಲ್ಲ. ಎಡ ಮಂಡಿ ಪೂರ್ತಿ ನೇರವಾಗಿ 140 ಡಿಗ್ರಿವರೆಗೆ ಮಡಚುತ್ತದೆ. ಬಲ ಮಂಡಿ ನೇರವಾಗಲು 10 ಡಿಗ್ರಿ ಬಾಕಿ, ಮಡಚುವುದು 110ಕ್ಕೆ ನಿಲ್ಲುತ್ತದೆ. ಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ಟೇಪು ಸುತ್ತಿದರೆ ಬಲ ತೊಡೆ ಎಡ ತೊಡೆಗಿಂತ 2.5 ಸೆಂ.ಮೀ. ತೆಳ್ಳಗಿದೆ.

ಇಲ್ಲಿ ಒಂದು ತಪ್ಪು ತುಂಬ ಸಾಮಾನ್ಯ. ಊದಿದ ಮಂಡಿ ಕಂಡ ಕೂಡಲೇ ಹೊಸ ರಕ್ತಸ್ರಾವ ಎಂದುಕೊಂಡು ಡೋಸ್ ಮೇಲೆ ಡೋಸ್ ಕೊಡುವುದು. ಹೊಸ ರಕ್ತಸ್ರಾವದ ಲಕ್ಷಣವೇ ಬೇರೆ. ಊತ ಕಾಣುವ ಮೊದಲೇ ಕೀಲಿನೊಳಗೆ ಜುಮುಜುಮು ಎನ್ನುತ್ತದೆ, ಬಿಗಿದಂತಾಗುತ್ತದೆ. ಹಿಮೋಫಿಲಿಯಾ ಮಕ್ಕಳು ಇದನ್ನು ಚೆನ್ನಾಗಿ ಗುರುತಿಸುತ್ತಾರೆ, ಅವರ ಮಾತನ್ನು ನಂಬಬೇಕು. ಮುಂದಿನ ಕೆಲವು ಗಂಟೆಗಳಲ್ಲಿ ನೋವು ಏರುತ್ತದೆ, ಚರ್ಮ ಬಿಸಿಯಾಗುತ್ತದೆ, ಮಗು ಕಾಲನ್ನು ಅರ್ಧ ಮಡಚಿ ಹಿಡಿದು ಅಲ್ಲಾಡಿಸಲು ಬಿಡುವುದಿಲ್ಲ. ಸಾಕಷ್ಟು ಫ್ಯಾಕ್ಟರ್ ಕೊಟ್ಟರೆ ಒಂದೆರಡು ದಿನದಲ್ಲಿ ಸ್ಪಷ್ಟವಾಗಿ ಇಳಿಯುತ್ತದೆ. ಕೀಲಿನ ಒಳಪೊರೆ ದಪ್ಪವಾಗಿ ಬರುವ ಊತ ಹಾಗಲ್ಲ. ಅದು ವಾರಗಟ್ಟಲೆ ಇರುತ್ತದೆ, ನೋವು ಕಡಿಮೆ, ಚಲನೆ ತಕ್ಕಮಟ್ಟಿಗೆ ಉಳಿದಿರುತ್ತದೆ, ಎರಡು ಡೋಸ್‌ಗೆ ಇಳಿಯುವುದಿಲ್ಲ. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಹಚ್ಚಿ ಪ್ರೋಬ್‌ನಿಂದ ಮೆಲ್ಲಗೆ ಒತ್ತಿ ನೋಡಬೇಕು. ದ್ರವ ಪಕ್ಕಕ್ಕೆ ಸರಿಯುತ್ತದೆ, ದಪ್ಪಗಾದ ಪೊರೆ ಜಾಗ ಬಿಡುವುದಿಲ್ಲ. ಈ ಹುಡುಗನ ಮಂಡಿಯಲ್ಲಿ ಚಿಪ್ಪಿನ ಮೇಲ್ಭಾಗದಲ್ಲಿ ಸರಿಯದ ದಪ್ಪ ಪದರ ಕಂಡಿತು, ಸುತ್ತ ಸ್ವಲ್ಪವೇ ದ್ರವ.

ಒಳಗೆ ನಡೆಯುತ್ತಿರುವುದು

ಕೀಲಿನ ಒಳಗೋಡೆಗೆ ಸೈನೋವಿಯಂ ಎಂಬ ತೆಳು ಪೊರೆ ಇದೆ. ಅದರ ಅಡಿಯಲ್ಲಿ ಸಣ್ಣ ರಕ್ತನಾಳಗಳ ಬಲೆ. ರಕ್ತ ಹೆಪ್ಪುಗಟ್ಟುವ ಕ್ರಿಯೆಗೆ ಕಿಡಿ ಹಚ್ಚುವ ಟಿಶ್ಯೂ ಫ್ಯಾಕ್ಟರ್ ಈ ಪೊರೆಯಲ್ಲಿ ತೀರ ಕಡಿಮೆ. ಹಾಗಾಗಿ ಕೀಲಿನೊಳಗೆ ರಕ್ತ ನಿಲ್ಲಬೇಕಾದರೆ ಫ್ಯಾಕ್ಟರ್ 8 ಮತ್ತು 9ರ ದಾರಿಯನ್ನೇ ಹೆಚ್ಚಾಗಿ ನೆಚ್ಚಿಕೊಳ್ಳಬೇಕು, ಹಿಮೋಫಿಲಿಯಾದಲ್ಲಿ ಮುಚ್ಚಿಹೋಗಿರುವುದು ಅದೇ ದಾರಿ. ಮಂಡಿ, ಮೊಣಕೈ, ಪಾದದ ಗಂಟು ದಿನವಿಡೀ ಭಾರ ಮತ್ತು ಎಳೆತ ತಿನ್ನುವ ಕೀಲುಗಳು. ಕೀಲಿನ ರಕ್ತಸ್ರಾವಗಳಲ್ಲಿ ಬಹುಪಾಲು ಈ ಮೂರರಲ್ಲೇ ಆಗುತ್ತವೆ.

ಒಳಗೆ ಸೋರಿದ ರಕ್ತವನ್ನು ಪೊರೆಯೇ ಹೀರಿಕೊಳ್ಳಬೇಕು. ಕೆಂಪು ಕಣಗಳು ಒಡೆದಾಗ ಉಳಿಯುವ ಕಬ್ಬಿಣ ಹಿಮೋಸಿಡೆರಿನ್ ಆಗಿ ಪೊರೆಯ ಕೋಶಗಳಲ್ಲಿ ಸೇರಿಕೊಳ್ಳುತ್ತದೆ. ಅಪರೂಪಕ್ಕೆ ಒಮ್ಮೆ ಆದರೆ ಪೊರೆ ಸುಧಾರಿಸಿಕೊಳ್ಳುತ್ತದೆ. ಮತ್ತೆ ಮತ್ತೆ ಆದರೆ ಕಬ್ಬಿಣ ತುಂಬಿದ ಕೋಶಗಳು ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ, ಪೊರೆ ಬೆರಳುಗಳಂತೆ ಚಾಚಿಕೊಂಡು ದಪ್ಪವಾಗುತ್ತದೆ, ಬೆಳೆದ ಪೊರೆಗೆ ರಕ್ತ ಬೇಕೆಂದು ಹೊಸ ನಾಳಗಳು ಹುಟ್ಟುತ್ತವೆ. ಈ ಹೊಸ ನಾಳಗಳು ದುರ್ಬಲ. ನಡೆಯುವಾಗ ದಪ್ಪ ಪೊರೆಯ ಮಡಿಕೆ ಎರಡು ಮೂಳೆಗಳ ನಡುವೆ ಸಿಕ್ಕಿ ಜಜ್ಜಿದರೂ ಸಾಕು, ಮತ್ತೆ ಸೋರುತ್ತದೆ. ರಕ್ತ ಪೊರೆಯನ್ನು ಬೆಳೆಸುತ್ತದೆ, ಪೊರೆ ರಕ್ತ ಸುರಿಸುತ್ತದೆ. ಮನೆಯವರಿಗೆ ಕಾರಣವಿಲ್ಲದೆ ಬಂದಂತೆ ಕಾಣುವ ರಕ್ತಸ್ರಾವಕ್ಕೆ ಇದೇ ಕಾರಣ.

ಮೃದ್ವಸ್ಥಿಗೆ ಆಗುವ ಹಾನಿಗೆ ಇನ್ನೊಂದು ದಾರಿಯೂ ಇದೆ, ಅದಕ್ಕೆ ಪೊರೆ ಕೆರಳಲೇಬೇಕೆಂದಿಲ್ಲ. ಮೃದ್ವಸ್ಥಿಯ ಕೋಶಗಳು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತವೆ. ಅದು ರಕ್ತದ ಕಬ್ಬಿಣದ ಜತೆ ಸೇರಿ ಉಗ್ರವಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗಿ ಆ ಕೋಶಗಳನ್ನೇ ಸಾಯಿಸುತ್ತದೆ. ಪ್ರಯೋಗಾಲಯದಲ್ಲಿ ಮೃದ್ವಸ್ಥಿಯನ್ನು ನಾಲ್ಕು ದಿನ ರಕ್ತದಲ್ಲಿಟ್ಟರೆ ದೀರ್ಘಕಾಲ ಉಳಿಯುವ ಹಾನಿ ಕಾಣುತ್ತದೆ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಸತ್ತ ಕೋಶದ ಜಾಗಕ್ಕೆ ಸರಿಯಾದ ಬದಲಿ ಬರುವುದಿಲ್ಲ. ಮಾರನೇ ದಿನ ಕೊಟ್ಟ ಫ್ಯಾಕ್ಟರ್ ಸೋರುವುದನ್ನು ನಿಲ್ಲಿಸಬಹುದು, ಆದರೆ ಅಷ್ಟರಲ್ಲಿ ಕೀಲು ತುಂಬಿದ ರಕ್ತ ಕರಗಲು ದಿನಗಳು ಬೇಕು. ಈ ಹುಡುಗನ ಮೂರರಿಂದ ಎಂಟೂವರೆ ವರ್ಷದ ಕಥೆ ಇದೇ.

ಯಾವ ಹಂತ

ಎಕ್ಸ್-ರೇ ಹಂತಗಳಿಗೆ ಅರ್ನಾಲ್ಡ್ ಮತ್ತು ಹಿಲ್ಗಾರ್ಟ್ನರ್ 1977ರಲ್ಲಿ ಕೊಟ್ಟ ವರ್ಗೀಕರಣ ಈಗಲೂ ಬಳಕೆಯಲ್ಲಿದೆ. ಸೊನ್ನೆ ಎಂದರೆ ಸಹಜ ಕೀಲು. ಒಂದನೇ ಹಂತದಲ್ಲಿ ಮೃದು ಭಾಗದ ಊತ ಮಾತ್ರ. ಎರಡರಲ್ಲಿ ಮೂಳೆ ತೆಳುವಾಗಿ, ಮೂಳೆತುದಿ ಹಿಗ್ಗಿರುತ್ತದೆ. ಮೂರರಲ್ಲಿ ಮೃದ್ವಸ್ಥಿಯ ಕೆಳಗಿನ ಮೂಳೆಯಲ್ಲಿ ಸಣ್ಣ ಗುಳ್ಳೆಯಂಥ ಪೊಳ್ಳು ಕಾಣುತ್ತದೆ, ಮಂಡಿಯಾದರೆ ತೊಡೆಮೂಳೆಯ ಎರಡು ಗುಬುಟುಗಳ ನಡುವಿನ ಕಣಿವೆ ಅಗಲವಾಗಿ ಚಿಪ್ಪು ಚೌಕಾಕಾರಕ್ಕೆ ತಿರುಗಿರುತ್ತದೆ, ಆದರೆ ಕೀಲಿನ ಅಂತರ ಬಹುಮಟ್ಟಿಗೆ ಉಳಿದಿರುತ್ತದೆ. ನಾಲ್ಕರಲ್ಲಿ ಮೃದ್ವಸ್ಥಿ ಸವೆದು ಅಂತರ ಕಿರಿದಾಗುತ್ತದೆ. ಐದರಲ್ಲಿ ಅಂತರವೇ ಹೋಗಿ ಕೀಲು ಗಡಸಾಗುತ್ತದೆ. ಮುಖ್ಯವಾದ ಗೆರೆ ಮೂರು ಮತ್ತು ನಾಲ್ಕರ ನಡುವೆ ಇದೆ. ಅದರ ಈಚೆಗೆ ಉಳಿಸಿಕೊಳ್ಳಲು ಮೃದ್ವಸ್ಥಿ ಇನ್ನೂ ಇರುತ್ತದೆ.

ಈ ಹುಡುಗನದು ಮೂರನೇ ಹಂತ. ಎರಡೂ ಮಂಡಿಗಳನ್ನು ಒಂದೇ ಫಿಲ್ಮಿನಲ್ಲಿ ತೆಗೆದು ನೋಡಿದ್ದು ಒಳ್ಳೆಯದಾಯಿತು, ಬೆಳೆಯುವ ಮಕ್ಕಳಲ್ಲಿ ಮೂಳೆತುದಿ ಹಿಗ್ಗಿದೆ ಎಂದು ಒಂದೇ ಕಾಲು ನೋಡಿ ಹೇಳುವುದು ಕಷ್ಟ. ಎಕ್ಸ್-ರೇಯಲ್ಲಿ ಕಂಡ ಹಾನಿಯನ್ನು ಎಣಿಸುವ ಪೆಟರ್‌ಸನ್ ಅಂಕ ಹಾಕಿದರೆ 13ಕ್ಕೆ 4: ಮೂಳೆ ತೆಳುವಾಗಿರುವುದಕ್ಕೆ 1, ಮೂಳೆತುದಿ ಹಿಗ್ಗಿದ್ದಕ್ಕೆ 1, ಮೃದ್ವಸ್ಥಿಯಡಿಯ ಮೂಳೆಯ ಅಂಚು ಅಲ್ಲಲ್ಲಿ ಒರಟಾಗಿದ್ದಕ್ಕೆ 1, ಒಂದು ಪೊಳ್ಳಿಗೆ 1. ಅಂತರ ಕಿರಿದಾಗಿಲ್ಲ, ಆದ್ದರಿಂದ ಅದಕ್ಕೆ ಸೊನ್ನೆ. ಎಕ್ಸ್-ರೇಗೆ ಪೊರೆಯೂ ಮೃದ್ವಸ್ಥಿಯೂ ಕಾಣುವುದಿಲ್ಲ. ಅದು ತೋರಿಸುವುದು ಹಳೆಯ ಹಾನಿಯ ನೆರಳು. ಸದ್ಯ ಪೊರೆ ಎಷ್ಟು ಕೆರಳಿದೆ ಎಂದು ತಿಳಿಯಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಎಂಆರ್‌ಐನಲ್ಲಿ ಹಿಮೋಸಿಡೆರಿನ್ ಕಪ್ಪಾಗಿ ಎದ್ದು ಕಾಣುತ್ತದೆ.

ಡೈರಿಯ ಲೆಕ್ಕ

ಇನ್ನು ಮೊದಲಿನ ಪ್ರಶ್ನೆ. ಇನ್ಹಿಬಿಟರ್ ಪರೀಕ್ಷೆಯಲ್ಲಿ 0.6 ಬೆಥೆಸ್ಡಾ ಯೂನಿಟ್‌ಗಿಂತ ಕಡಿಮೆ ಬಂತು, ಅಂದರೆ ನೆಗೆಟಿವ್. ಮತ್ತೊಂದು ಸುಲಭ ತಾಳೆ ಕೂಡ ಇದೆ. ಪ್ರತಿ ಕೆಜಿ ತೂಕಕ್ಕೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ಮಟ್ಟ ಸುಮಾರು 2% ಏರುತ್ತದೆ. 25 ಕೆಜಿ ಹುಡುಗನಿಗೆ 500 ಯೂನಿಟ್ ಎಂದರೆ ಕೆಜಿಗೆ 20, ಏರಬೇಕಾದ್ದು 40%. ಅರ್ಧ ಗಂಟೆಯ ನಂತರದ ರಕ್ತದಲ್ಲಿ 39% ಸಿಕ್ಕಿತು, 24 ಗಂಟೆಗೆ 7%. ಔಷಧಿ ಸರಿಯಾಗಿ ಏರುತ್ತಿದೆ, ಸುಮಾರು 10 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಿದೆ. ಈ ವಯಸ್ಸಿಗೆ ಇದು ಸಹಜ.

ಮನೆಯವರು ಬರೆದಿಟ್ಟ ಡೈರಿಯನ್ನು ಈ ಲೆಕ್ಕದ ಪಕ್ಕ ಇಟ್ಟಾಗ ಉತ್ತರ ಸಿಕ್ಕಿತು. ನಾಲ್ಕು ರಕ್ತಸ್ರಾವಗಳಲ್ಲಿ ಮೂರು ಶುರುವಾಗಿದ್ದು ಭಾನುವಾರ ಸಂಜೆ, ಒಂದು ಬುಧವಾರ ಸಂಜೆ. ಗುರುವಾರ ಬೆಳಿಗ್ಗೆ 7ಕ್ಕೆ ಕೊಟ್ಟ ಡೋಸ್‌ಗೆ ಭಾನುವಾರ ಸಂಜೆ 7ಕ್ಕೆ 84 ಗಂಟೆ. ಆ ಹೊತ್ತಿಗೆ 40% ಇದ್ದದ್ದು ಎಂಟು ಸಲಕ್ಕೂ ಹೆಚ್ಚು ಅರ್ಧವಾಗಿ 0.1%ಗೆ ಬಂದಿರುತ್ತದೆ, ಎಂದರೆ ಏನೂ ಇಲ್ಲ. ಬುಧವಾರ ಸಂಜೆ 60 ಗಂಟೆ, ಮಟ್ಟ 0.6%. ಜತೆಗೆ ಭಾನುವಾರ ಹುಡುಗ ಇಡೀ ದಿನ ಆಡುತ್ತಾನೆ.

ಇಂಥಲ್ಲಿ ಡೋಸ್ ದೊಡ್ಡದು ಮಾಡೋಣ ಎಂದು ಮೊದಲು ಹೊಳೆಯುತ್ತದೆ. ಅದು ದುಬಾರಿ ತಪ್ಪು. ಡೋಸ್ ದುಪ್ಪಟ್ಟಾದರೆ ಹೆಚ್ಚುವ ರಕ್ಷಣೆ ಒಂದೇ ಅರ್ಧಾಯುಷ್ಯ, ಅಂದರೆ 10 ಗಂಟೆ. 500 ಯೂನಿಟ್ ಕೊಟ್ಟಾಗ ಮಟ್ಟ 1%ಗೆ ಇಳಿಯಲು ಸುಮಾರು 53 ಗಂಟೆ ಬೇಕು. ವಾರಕ್ಕೆ ಎರಡು ಡೋಸ್ ಎಂದರೆ 168 ಗಂಟೆಗಳಲ್ಲಿ 106 ಗಂಟೆ ರಕ್ಷಣೆ, 62 ಗಂಟೆ ಬರಿಗೈ. ಅದನ್ನೇ ಎರಡು ಸಲ 1000ಕ್ಕೆ ಏರಿಸಿದರೆ ವಾರಕ್ಕೆ 2000 ಯೂನಿಟ್ ಖರ್ಚು, ಬರಿಗೈ ಹೊತ್ತು 42 ಗಂಟೆ. ಅದರ ಬದಲು 250 ಯೂನಿಟ್‌ನ ಸಣ್ಣ ವಯಲ್ ದಿನ ಬಿಟ್ಟು ದಿನ ಕೊಟ್ಟರೆ ವಾರಕ್ಕೆ ಸರಾಸರಿ 875 ಯೂನಿಟ್, ಬರಿಗೈ ಹೊತ್ತು ಸುಮಾರು 17 ಗಂಟೆ. ಅರ್ಧಕ್ಕಿಂತ ಕಡಿಮೆ ಔಷಧಿಯಲ್ಲಿ ಹೆಚ್ಚು ರಕ್ಷಣೆ. ಔಷಧಿ ಸಾಲದ ಕಡೆ ಕೆಜಿಗೆ 10ರಿಂದ 15 ಯೂನಿಟ್‌ನಂತೆ ವಾರಕ್ಕೆ ಎರಡು ಮೂರು ಸಲ ಕೊಡುವ ಕಡಿಮೆ ಡೋಸ್ ಪದ್ಧತಿ ಉಪಯೋಗಕ್ಕೆ ಬರುವುದು ಈ ಕಾರಣಕ್ಕೇ. ಬೆಲೆ ತೆರುವುದು ಚುಚ್ಚುವ ಸಂಖ್ಯೆಯಲ್ಲಿ, ಮಕ್ಕಳ ಸಣ್ಣ ನಾಳಗಳಿಗೆ ಅದು ಸಣ್ಣ ಮಾತಲ್ಲ.

ಆದರೆ 1% ಎಂಬುದು ಗೋಡೆಯಲ್ಲ. ಕೆರಳಿದ ಪೊರೆ ಇರುವ ಕೀಲು 1% ಮಟ್ಟದಲ್ಲೂ ಸೋರಬಲ್ಲದು, ಸಾಧ್ಯವಿರುವ ಕಡೆ ಕನಿಷ್ಠ ಮಟ್ಟ 3ರಿಂದ 5% ಇರಲಿ ಎಂಬುದು ಈಗಿನ ಒಲವು. ಆದ್ದರಿಂದ ಈ ಹುಡುಗನಿಗೆ 250ರ ಯೋಜನೆ ಸಾಲದು ಎಂಬುದು ನಮ್ಮ ತೀರ್ಮಾನ. ಗೊತ್ತು ಮಾಡಿದ್ದು ಹೀಗೆ: ಸೋಮ, ಬುಧ, ಶುಕ್ರ ತಲಾ 500, ಭಾನುವಾರ 250. ವಾರಕ್ಕೆ 1750, ಅಂದರೆ ದಿನ ಬಿಟ್ಟು ದಿನ 500 ಕೊಟ್ಟಷ್ಟೇ. ವಾರದ ದಿನಗಳು ಗೊತ್ತಾಗಿರುವುದರಿಂದ ಮರೆಯುವುದಿಲ್ಲ. ಭಾನುವಾರದ ಡೋಸ್ 24 ಗಂಟೆ ಮಾತ್ರ ತಡೆದರೆ ಸಾಕು, ಅದಕ್ಕೇ ಅರ್ಧ. ಸೋಮವಾರ ಬೆಳಿಗ್ಗೆ ಸುಮಾರು 4% ಉಳಿದಿರುತ್ತದೆ, ಬೇರೆ ದಿನಗಳಲ್ಲಿ ಅತಿ ಕಡಿಮೆ ಮಟ್ಟ 1.4%ರ ಆಸುಪಾಸು. ಎಲ್ಲ ಡೋಸ್‌ಗಳೂ ಬೆಳಿಗ್ಗೆಯೇ. ರಾತ್ರಿ ಕೊಟ್ಟರೆ ಮಟ್ಟ ತುದಿಯಲ್ಲಿರುವಾಗ ಮಗು ಮಲಗಿರುತ್ತದೆ.

ಎಳೆಯ ವಯಸ್ಸಿನಲ್ಲೇ ಹೀಗೆ ಶುರು ಮಾಡಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ 2007ರಲ್ಲಿ ಅಮೆರಿಕದಿಂದ ಬಂದ ಅಧ್ಯಯನ ಉತ್ತರ ಕೊಡುತ್ತದೆ. ಎರಡೂವರೆ ವರ್ಷದೊಳಗಿನ 65 ಗಂಡುಮಕ್ಕಳಲ್ಲಿ ಒಂದು ಗುಂಪಿಗೆ ದಿನ ಬಿಟ್ಟು ದಿನ ಕೆಜಿಗೆ 25 ಯೂನಿಟ್, ಇನ್ನೊಂದು ಗುಂಪಿಗೆ ರಕ್ತ ಸೋರಿದಾಗ ಮಾತ್ರ ದೊಡ್ಡ ಡೋಸ್‌ಗಳು. ಆರು ವರ್ಷ ತುಂಬಿದಾಗ ಎಂಆರ್‌ಐನಲ್ಲಿ ಕೀಲುಗಳು ಸಹಜವಾಗಿದ್ದವರು ಮೊದಲ ಗುಂಪಿನಲ್ಲಿ 93%, ಎರಡನೆಯದರಲ್ಲಿ 55%. ಗಮನಿಸಬೇಕಾದ್ದು, ರಕ್ತಸ್ರಾವವೇ ಆಗಿಲ್ಲವೆಂದುಕೊಂಡ ಕೆಲವು ಕೀಲುಗಳಲ್ಲೂ ಹಾನಿ ಕಂಡಿತ್ತು. ಗೊತ್ತಾಗದಂತೆ ಸೋರುವ ರಕ್ತವೂ ಇದೆ.

ಮನೆಯಲ್ಲಿ ಎಡವುವ ಜಾಗಗಳು

ವಯಲ್ ಫ್ರಿಜ್‌ನಿಂದ ತೆಗೆದು ಕೋಣೆಯ ಬಿಸುಪಿಗೆ ಬರಲು ಬಿಡಬೇಕು. ದ್ರಾವಣ ಹಾಕಿದ ಮೇಲೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಕುಲುಕಿದರೆ ನೊರೆ ಬರುತ್ತದೆ, ನೊರೆಯಲ್ಲಿ ಔಷಧಿ ಹಾಳಾಗುತ್ತದೆ, ಸಿರಿಂಜಿಗೂ ಪೂರ್ತಿ ಬರುವುದಿಲ್ಲ. ನಿಧಾನವಾಗಿ ಚುಚ್ಚಬೇಕು, ನಿಮಿಷಕ್ಕೆ 3 ಮಿ.ಲೀ. ಮೀರಬಾರದು, ಮಕ್ಕಳಲ್ಲಿ ಇನ್ನೂ ನಿಧಾನ. ತೆರೆದ ವಯಲ್‌ನಲ್ಲಿ ಅರ್ಧ ಉಳಿಸಿ ನಾಳೆಗೆ ಇಡಬಾರದು, ಲೆಕ್ಕ ಹತ್ತಿರದ ಪೂರ್ತಿ ವಯಲ್‌ಗೆ ಏರಿಸಬೇಕು. ಡೈರಿಯಲ್ಲಿ ದಿನ, ಹೊತ್ತು, ಯೂನಿಟ್, ಬ್ಯಾಚ್ ಸಂಖ್ಯೆ ಇರಲಿ. ಈ ಪ್ರಕರಣದಲ್ಲಿ ಉತ್ತರ ಕೊಟ್ಟಿದ್ದು ಆ ಹೊತ್ತಿನ ಕಾಲಮ್ಮೇ.

ಮುನ್ನೆಚ್ಚರಿಕೆಯ ನಡುವೆಯೂ ರಕ್ತ ಸೋರಿದರೆ ಮುಂದಿನ ಡೋಸ್‌ಗೆ ಕಾಯಬಾರದು. ಜುಮುಜುಮು ಎಂದ ಕೂಡಲೇ, ಆದಷ್ಟು ಎರಡು ಗಂಟೆಯೊಳಗೆ ಡೋಸ್ ಹೋಗಬೇಕು. ಬೇಕಾದ ಏರಿಕೆ 40% ಎಂದಿಟ್ಟುಕೊಂಡರೆ 25 × 40 × 0.5 = 500 ಯೂನಿಟ್. ಮಾರನೇ ದಿನವೂ ಊತ ಇಳಿಯದಿದ್ದರೆ ಮತ್ತೊಮ್ಮೆ. ಒಂದೆರಡು ದಿನ ಕಾಲಿಗೆ ವಿಶ್ರಾಂತಿ, ಬಟ್ಟೆ ಸುತ್ತಿದ ಐಸ್ ಸ್ವಲ್ಪ ಹೊತ್ತು, ನೋವಿಗೆ ಪ್ಯಾರಾಸಿಟಮಾಲ್. ಆಸ್ಪಿರಿನ್ ಬೇಡ, ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ಕೂಡ ಬೇಡ, ಅವು ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸುತ್ತವೆ. ಎರಡು ಸರಿಯಾದ ಡೋಸ್ ಹೋದರೂ ಊತ ಏರುತ್ತಲೇ ಇದ್ದರೆ ಇನ್ಹಿಬಿಟರ್ ಪರೀಕ್ಷೆ ಮತ್ತೆ ಮಾಡಿಸಬೇಕು. ಜ್ವರವೂ ಸೇರಿದರೆ ಕೀಲಿನಲ್ಲಿ ಕೀವು ಆಗಿರಬಹುದು, ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಮಂಡಿಯ ವ್ಯಾಯಾಮ ಡೋಸ್ ಕೊಟ್ಟ ಬೆಳಿಗ್ಗೆಯೇ. ಮೊದಲ ಎರಡು ವಾರ ಮಂಡಿ ಅಲ್ಲಾಡಿಸದೆ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿ ಹಿಡಿದು ಬಿಡುವುದು, ಆಮೇಲೆ ಮಲಗಿ ನೇರ ಕಾಲು ಎತ್ತುವುದು, ನಂತರ ನಿಂತು ಸ್ವಲ್ಪ ಕುಕ್ಕರಿಸುವುದು. ನೇರವಾಗದ 10 ಡಿಗ್ರಿಯನ್ನು ಒತ್ತಿ ಬಲವಂತದಿಂದ ನೇರ ಮಾಡಬಾರದು. ಹಾಗೆ ಒತ್ತಿದಲ್ಲಿ ದಪ್ಪ ಪೊರೆ ಹರಿದು ಮತ್ತೆ ರಕ್ತ ತುಂಬುತ್ತದೆ.

ಹಿಮೋಫಿಲಿಯಾ ಬಿ, ಅಂದರೆ ಫ್ಯಾಕ್ಟರ್ 9ರ ಕೊರತೆ ಇರುವವರು ಇದೇ ಅಂಕಿಗಳನ್ನು ಬಳಸಬಾರದು. ಫ್ಯಾಕ್ಟರ್ 9ರ ಒಂದು ಯೂನಿಟ್ ಸುಮಾರು 1% ಮಾತ್ರ ಏರಿಸುತ್ತದೆ, ಅರ್ಧಾಯುಷ್ಯ 18ರಿಂದ 24 ಗಂಟೆ. ವಾರಕ್ಕೆ ಎರಡೇ ಡೋಸ್ ಅಲ್ಲಿ ಸಾಕಾಗಬಹುದು. ಹಿಮೋಫಿಲಿಯಾ ಎ ಇರುವವರಿಗೆ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಈ ಏರಿಳಿತವನ್ನೇ ತಪ್ಪಿಸುತ್ತದೆ, ಆದರೆ ಶುರುವಾದ ರಕ್ತಸ್ರಾವಕ್ಕೆ ಅದು ಮದ್ದಲ್ಲ, ಆಗ ಫ್ಯಾಕ್ಟರ್ ಬೇಕೇ ಬೇಕು.

ಆರು ತಿಂಗಳ ನಂತರ

ಒಂದೇ ಸಲ ರಕ್ತ ಸೋರಿತು, ಅದೂ ಬಿದ್ದು. ಒಂದು ಗಂಟೆಯೊಳಗೆ ಡೋಸ್ ಹೋಗಿ ಎರಡು ದಿನದಲ್ಲಿ ಇಳಿಯಿತು. ಮಂಡಿ ನೇರವಾಗಲು ಈಗ 5 ಡಿಗ್ರಿ ಬಾಕಿ, ಮಡಚುವುದು 125ರವರೆಗೆ. ತೊಡೆಗಳ ವ್ಯತ್ಯಾಸ 1.5 ಸೆಂ.ಮೀ. ಅಲ್ಟ್ರಾಸೌಂಡ್‌ನಲ್ಲಿ ಪೊರೆ ತೆಳುವಾಗಿದೆ, ಸಹಜಕ್ಕೆ ಬಂದಿಲ್ಲ. ಎಕ್ಸ್-ರೇ ಇದ್ದಂತೆಯೇ ಇದೆ, ಅದು ಹಿಂದಕ್ಕೆ ಹೋಗುವ ನಿರೀಕ್ಷೆಯೂ ಇರಲಿಲ್ಲ. ಅಂತರ ಕಿರಿದಾಗದೆ ಉಳಿದದ್ದೇ ಲಾಭ. ಪೊರೆ ಮತ್ತೆ ದಪ್ಪವಾಗಿ ರಕ್ತ ಸೋರತೊಡಗಿದರೆ ಮುಂದಿನ ಹೆಜ್ಜೆ, ಫ್ಯಾಕ್ಟರ್ ರಕ್ಷಣೆಯಲ್ಲಿ ಕೀಲಿನೊಳಗೆ ವಿಕಿರಣಶೀಲ ಇಟ್ರಿಯಂ-90 ಚುಚ್ಚಿ ಪೊರೆಯನ್ನು ಒಣಗಿಸುವುದು. ಶಸ್ತ್ರಚಿಕಿತ್ಸೆಯಿಂದ ಪೊರೆ ತೆಗೆಯುವುದು ಅದಾದ ಮೇಲಿನ ಮಾತು.

ತೂಕ 28 ಕೆಜಿಗೆ ಏರಿದೆ. 500 ಯೂನಿಟ್ ಈಗ 36%ಗೆ ಏರಿಸುತ್ತದೆ, 48 ಗಂಟೆಗೆ ಲೆಕ್ಕದ ಪ್ರಕಾರ 1.3% ಉಳಿಯುತ್ತದೆ. ಸದ್ಯಕ್ಕೆ ಡೋಸ್ ಬದಲಿಸಿಲ್ಲ, 31 ಕೆಜಿ ಮುಟ್ಟಿದಾಗ 48 ಗಂಟೆಯ ರಕ್ತ ಪರೀಕ್ಷೆ ಮಾಡಿ ತೀರ್ಮಾನಿಸುವುದೆಂದು ಡೈರಿಯ ಮೊದಲ ಪುಟದಲ್ಲಿ ಬರೆದಿದೆ. ಅದರ ಕೆಳಗೆ ಇನ್ನೊಂದು ಸಾಲು ಇದೆ: ಬಲಗಾಲು ಎಡಗಾಲಿಗಿಂತ 0.8 ಸೆಂ.ಮೀ. ಉದ್ದ. ಕೆರಳಿದ ಕೀಲಿಗೆ ರಕ್ತದ ಹರಿವು ಹೆಚ್ಚಿ ಮೂಳೆತುದಿ ಬೇಗ ಬೆಳೆದಿದೆ. ಅದೇ ತುದಿ ಬೇಗ ಮುಚ್ಚಿಕೊಂಡರೆ ಈ ಕಾಲೇ ಮುಂದೆ ಗಿಡ್ಡವಾಗಬಹುದು. ಬೆಳವಣಿಗೆ ಮುಗಿಯುವವರೆಗೆ ಆರು ತಿಂಗಳಿಗೊಮ್ಮೆ ಎರಡೂ ಕಾಲುಗಳನ್ನು ಅಳೆದು ಆ ಸಾಲಿನ ಕೆಳಗೆ ಬರೆಯುತ್ತಾ ಹೋಗಬೇಕು.